61ನೇ ದಿನ ಬೆಳಿಗ್ಗೆ: ಚಾರ್ಜ್‌ಶೀಟ್ ಹೇಗೆ ತಯಾರಾಗುತ್ತದೆ, ತಡವಾದರೆ ಏನಾಗುತ್ತದೆ

ಪ್ರಶ್ನೆ: ನನ್ನ ತಮ್ಮ ಒಂದು ಅಡಿಕೆ ಗೋದಾಮಿನಲ್ಲಿ ಗುಮಾಸ್ತ. ಮೂಟೆಗಳು ಕಳುವಾಗಿವೆ ಅಂತ ಮಾಲೀಕರು ದೂರು ಕೊಟ್ಟರು. ಮಾರ್ಚ್ 5, ಬುಧವಾರ ರಾತ್ರಿ ಪೊಲೀಸರು ಅವನನ್ನು ಬಂಧಿಸಿದರು. ಮರುದಿನ ಗುರುವಾರ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಿ ಜೈಲಿಗೆ ಕಳಿಸಿದರು. ಎಫ್‌ಐಆರ್‌ನಲ್ಲಿ ಸೆಕ್ಷನ್ 306 ಅಂತ ಇದೆ. ಒಂದು ಸಲ ಜಾಮೀನು ಅರ್ಜಿ ವಜಾ ಆಗಿದೆ. ಈಗ ಏಪ್ರಿಲ್ ಮೂರನೇ ವಾರ. ಠಾಣೆಯಲ್ಲಿ ಕೇಳಿದರೆ ಫೊರೆನ್ಸಿಕ್ ಪ್ರಯೋಗಾಲಯದ ಎಫ್‌ಎಸ್‌ಎಲ್ ರಿಪೋರ್ಟ್ ಬಂದಿಲ್ಲ, ಚಾರ್ಜ್‌ಶೀಟ್ ಆಗಿಲ್ಲ ಅಂತಾರೆ. 60 ದಿನ ಕಳೆದರೆ ಕೇಸ್ ತಾನಾಗೇ ಬಿದ್ದುಹೋಗುತ್ತೆ ಅಂತ ಕೆಲವರು ಹೇಳ್ತಾರೆ. ನಿಜಾನಾ? ಚಾರ್ಜ್‌ಶೀಟ್ ಮಾಡೋಕೆ ಇಷ್ಟು ದಿನ ಯಾಕೆ ಬೇಕು?

ಉತ್ತರ: ಮೊದಲು ಒಂದು ದಿನಾಂಕ ಬರೆದಿಟ್ಟುಕೊಳ್ಳಿ. ಮೇ 5, ಸೋಮವಾರ. ಅವತ್ತು ಬೆಳಿಗ್ಗೆ ಕೋರ್ಟ್ ಬಾಗಿಲು ತೆರೆಯುವ ಹೊತ್ತಿಗೆ ನಿಮ್ಮ ವಕೀಲರು ಕೈಯಲ್ಲಿ ಅರ್ಜಿ ಹಿಡಿದು ಅಲ್ಲಿರಬೇಕು. ಯಾಕೆ ಅದೇ ದಿನ, ಯಾಕೆ ಬೆಳಿಗ್ಗೆಯೇ ಅನ್ನುವುದನ್ನು ಹೇಳುತ್ತೇನೆ.

60 ದಿನ ಕಳೆದರೆ ಕೇಸ್ ಬೀಳುವುದಿಲ್ಲ. ತನಿಖೆ ಮುಂದುವರಿಯುತ್ತದೆ, ಚಾರ್ಜ್‌ಶೀಟ್ ಆಮೇಲೂ ಬರಬಹುದು, ವಿಚಾರಣೆಯೂ ನಡೆಯುತ್ತದೆ. ಬದಲಾಗುವುದು ಒಂದೇ: ಜೈಲಿನಲ್ಲಿರುವವರಿಗೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಇದನ್ನೇ ಕೋರ್ಟಿನಲ್ಲಿ ಡಿಫಾಲ್ಟ್ ಬೇಲ್ ಅನ್ನುತ್ತಾರೆ. ತಪ್ಪು ಮಾಡಿದ್ದಾರೋ ಇಲ್ಲವೋ, ಸಾಕ್ಷ್ಯ ಗಟ್ಟಿಯಾಗಿದೆಯೋ ಇಲ್ಲವೋ ಎಂದು ನ್ಯಾಯಾಧೀಶರು ಇಲ್ಲಿ ನೋಡುವಂತಿಲ್ಲ. ಹಿಂದೆ ನಿಮ್ಮ ಅರ್ಜಿ ವಜಾ ಆಗಿದೆ ಅನ್ನುವುದೂ ಇದಕ್ಕೆ ಅಡ್ಡಿಯಲ್ಲ. ಅವಧಿ ಮುಗಿದಿದೆಯೇ, ಚಾರ್ಜ್‌ಶೀಟ್ ಬಂದಿಲ್ಲವೇ, ಆರೋಪಿ ಜಾಮೀನು ಕೊಡಲು ಸಿದ್ಧನಿದ್ದಾನೆಯೇ, ಇಷ್ಟೇ ಲೆಕ್ಕ. ಆದರೆ ಈ ಹಕ್ಕು ತಾನಾಗೇ ಕೈಗೆ ಬರುವುದಿಲ್ಲ. ಕೇಳಬೇಕು. ಕೇಳುವ ಮೊದಲೇ ಚಾರ್ಜ್‌ಶೀಟ್ ಬಂದುಬಿಟ್ಟರೆ ಹಕ್ಕು ಹೋಯಿತು.

ಚಾರ್ಜ್‌ಶೀಟ್‌ಗೆ ಇಷ್ಟು ದಿನ ಯಾಕೆ ಅಂತ ಕೇಳಿದ್ದೀರಿ. ಅದು ಠಾಣೆಯಲ್ಲಿ ಕೂತು ಒಂದು ದಿನದಲ್ಲಿ ಬರೆಯುವ ಕಾಗದ ಅಲ್ಲ. ತನಿಖೆಯ ಅಷ್ಟೂ ದಿನ ಸೇರಿದ ಕಾಗದಗಳನ್ನು ಒಂದು ದಾರದಲ್ಲಿ ಪೋಣಿಸಿ ಕೋರ್ಟಿಗೆ ಕೊಡುವ ಕಡತ ಅದು. ಕಾನೂನು ಅದನ್ನು ಪೊಲೀಸ್ ವರದಿ ಅನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ಸೆಕ್ಷನ್ 193. ಹಳೆಯ ಸಿಆರ್‌ಪಿಸಿಯಲ್ಲಿ 173 ಆಗಿತ್ತು. ಹಳಬ ವಕೀಲರ ಬಾಯಲ್ಲಿ ಇನ್ನೂ ಹಳೆಯ ನಂಬರೇ ಬರುತ್ತದೆ, ಗಾಬರಿ ಬೇಡ.

ನಿಮ್ಮ ತಮ್ಮನ ಕೇಸನ್ನೇ ಇಟ್ಟುಕೊಂಡು ನೋಡೋಣ. ದೂರು ಬಂದ ಮೇಲೆ ತನಿಖಾಧಿಕಾರಿ ಗೋದಾಮಿಗೆ ಹೋಗಿ, ಪಂಚರನ್ನು ಕರೆಸಿ ಸ್ಥಳ ಮಹಜರು ಮಾಡಿರುತ್ತಾರೆ. ಮಾಲೀಕರು, ಹಮಾಲರು, ಲಾರಿ ಚಾಲಕ, ಕಾವಲುಗಾರ ಇವರ ಹೇಳಿಕೆ ಬರೆದುಕೊಂಡಿರುತ್ತಾರೆ. ಬಂಧಿಸಿದ ಮೇಲೆ ತಮ್ಮನ ಸ್ವ-ಇಚ್ಛಾ ಹೇಳಿಕೆ ಅಂತ ಒಂದು ಬರೆದಿರುತ್ತಾರೆ. ಪೊಲೀಸರ ಮುಂದೆ ಒಪ್ಪಿಕೊಂಡಿದ್ದು ಸಾಕ್ಷ್ಯ ಆಗುವುದಿಲ್ಲ. ಆ ಹೇಳಿಕೆಯಿಂದ ಮಾಲು ಸಿಕ್ಕಿದ್ದರೆ, ಸಿಕ್ಕ ಸಂಗತಿಗೆ ನೇರವಾಗಿ ಸಂಬಂಧಿಸಿದ ಮಾತು ಮಾತ್ರ ಸಾಕ್ಷ್ಯದಲ್ಲಿ ನಿಲ್ಲುತ್ತದೆ. ಮೂಟೆ ಸಿಕ್ಕಿದ ಕಡೆ ಇನ್ನೊಂದು ಮಹಜರು. ವಶಪಡಿಸಿಕೊಂಡ ಮಾಲನ್ನು ಪಿ.ಎಫ್., ಅಂದರೆ ಪ್ರಾಪರ್ಟಿ ಫಾರ್ಮ್ ನಂಬರ್ ಹಾಕಿ ಕೋರ್ಟಿಗೆ ತಿಳಿಸುತ್ತಾರೆ.

ಇಲ್ಲಿಯವರೆಗಿನ ಕೆಲಸ ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ ಮುಗಿಯುತ್ತದೆ. ಆಮೇಲೆ ಕಡತ ನಿಲ್ಲುವುದು ಹೊರಗಿನವರ ಮೇಲೆ ಅವಲಂಬಿಸಿದ ಕಾಗದಗಳಿಗಾಗಿ. ಸಿಸಿಟಿವಿಯ ರೆಕಾರ್ಡರ್ ಪೆಟ್ಟಿಗೆ ಎಫ್‌ಎಸ್‌ಎಲ್‌ಗೆ ಹೋಗಿರುತ್ತದೆ. ಡೆಲಿವರಿ ಚೀಟಿಯ ಮೇಲಿನ ಸಹಿ ಯಾರದ್ದು ಅನ್ನುವುದಕ್ಕೆ ತಜ್ಞರ ಅಭಿಪ್ರಾಯ ಬೇಕಿರುತ್ತದೆ. ಫೋನ್ ಕರೆ ವಿವರ ಕಂಪನಿಯಿಂದ ಬರಬೇಕು, ಜೊತೆಗೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರವೂ ಬೇಕು. ಬ್ಯಾಂಕಿನಿಂದ ಖಾತೆಯ ವಿವರ ಬರಬೇಕು. ಇಷ್ಟರ ನಡುವೆ ಆ ಇನ್ಸ್‌ಪೆಕ್ಟರ್ ಕೈಯಲ್ಲಿ ಬೇರೆ ಹತ್ತಾರು ಕೇಸ್ ಇರುತ್ತವೆ, ಬಂದೋಬಸ್ತ್ ಇರುತ್ತದೆ, ವರ್ಗಾವಣೆ ಬರುತ್ತದೆ. ಹೊಸಬರು ಬಂದು ಕಡತ ಮೊದಲಿನಿಂದ ಓದಬೇಕು. ಚಾರ್ಜ್‌ಶೀಟ್ ತಡವಾಗುವುದು ಹೆಚ್ಚಾಗಿ ಹೀಗೆಯೇ ಎಂದು ನನ್ನ ಅನುಭವ ಹೇಳುತ್ತದೆ.

ಕಾಗದ ಸೇರಿದ ಮೇಲೆ ವರದಿ ಬರೆಯುತ್ತಾರೆ. ಆರೋಪಿಗಳನ್ನು ಎ1, ಎ2 ಅಂತ ಗುರುತಿಸುತ್ತಾರೆ. ಸಾಕ್ಷಿಗಳಿಗೆ ಸಿ.ಡಬ್ಲ್ಯೂ. 1, 2, 3 ಅಂತ ನಂಬರ್. ದೂರು ಕೊಟ್ಟವರೇ ಸಾಮಾನ್ಯವಾಗಿ ಸಿ.ಡಬ್ಲ್ಯೂ. 1. ದಾಖಲೆಗಳ ಪಟ್ಟಿ, ವಸ್ತುಗಳ ಪಟ್ಟಿ ಬೇರೆ. ಯಾರು ಬಂಧನದಲ್ಲಿದ್ದಾರೆ, ಯಾರು ಜಾಮೀನಿನ ಮೇಲಿದ್ದಾರೆ, ಯಾರು ತಲೆಮರೆಸಿಕೊಂಡಿದ್ದಾರೆ ಎಂದು ತೋರಿಸಬೇಕು. ಎಲೆಕ್ಟ್ರಾನಿಕ್ ಸಾಧನವಿದ್ದರೆ ಅದು ಯಾವಾಗ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದನ್ನೂ ಹೊಸ ಕಾನೂನು ಕೇಳುತ್ತದೆ. ಕೊನೆಗೆ ಒಂದು ಪ್ಯಾರಾ ಇರುತ್ತದೆ: ಇಂಥ ದಿನ, ಇಂಥ ಜಾಗದಲ್ಲಿ, ಎ1 ಹೀಗೆ ಮಾಡಿದ್ದರಿಂದ ಇಂಥ ಸೆಕ್ಷನ್ ಪ್ರಕಾರ ಅಪರಾಧ ಎಸಗಿದ್ದಾನೆ ಎಂದು. ಇಡೀ ಕಡತದ ಜೀವ ಆ ಪ್ಯಾರಾದಲ್ಲಿದೆ. ಚಾರ್ಜ್‌ಶೀಟ್ ಪ್ರತಿ ಕೈಗೆ ಸಿಕ್ಕಾಗ ನಾನು ಮೊದಲು ಓದುವುದೇ ಅದನ್ನು. ಅಲ್ಲಿ ಬರೆದ ಒಂದೊಂದು ಮಾತಿಗೂ ಯಾವ ಸಾಕ್ಷಿ, ಯಾವ ದಾಖಲೆ ಆಧಾರ ಎಂದು ಹಿಂದಕ್ಕೆ ಹೋಗಿ ಹುಡುಕುತ್ತೇನೆ.

ಸಾಕ್ಷ್ಯ ಸಿಗದಿದ್ದರೆ ಅಥವಾ ದೂರೇ ಸುಳ್ಳು ಅನ್ನಿಸಿದರೆ ಪೊಲೀಸರು ಚಾರ್ಜ್‌ಶೀಟ್ ಬದಲು ಬಿ ರಿಪೋರ್ಟ್ ಹಾಕುತ್ತಾರೆ. ಆಗ ದೂರುದಾರರಿಗೆ ಆಕ್ಷೇಪಣೆ ಹೇಳುವ ಅವಕಾಶವಿದೆ. ಅದು ಬೇರೆಯೇ ಕತೆ.

ಈಗ ದಿನಗಳ ಲೆಕ್ಕಕ್ಕೆ ಬರುತ್ತೇನೆ. ತಪ್ಪು ಜಾಸ್ತಿ ಆಗುವುದು ಇಲ್ಲೇ.

ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 187 ಎರಡು ಅವಧಿ ಹೇಳುತ್ತದೆ. ಮರಣದಂಡನೆ, ಜೀವಾವಧಿ, ಇಲ್ಲವೇ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ 90 ದಿನ. ಉಳಿದವಕ್ಕೆ 60 ದಿನ. ನಿಮ್ಮ ಎಫ್‌ಐಆರ್‌ನಲ್ಲಿರುವ 306, ಅಂದರೆ ಕೆಲಸಗಾರನೇ ಮಾಲೀಕನ ವಸ್ತು ಕದ್ದ ಆರೋಪ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಗರಿಷ್ಠ ಏಳು ವರ್ಷ. ಹಾಗಾಗಿ 60 ದಿನ.

ಈ 60 ಎಲ್ಲಿಂದ ಶುರು? ಬಂಧಿಸಿದ ರಾತ್ರಿಯಿಂದ ಅಲ್ಲ. ಮ್ಯಾಜಿಸ್ಟ್ರೇಟ್ ಮೊದಲ ಸಲ ಬಂಧನಕ್ಕೆ ಒಪ್ಪಿಸಿದ ದಿನದಿಂದ, ಅಂದರೆ ಮೊದಲ ರಿಮ್ಯಾಂಡ್ ದಿನದಿಂದ. ಆ ದಿನವನ್ನೂ ಎಣಿಸಬೇಕೋ ಬಿಡಬೇಕೋ ಅನ್ನುವ ಜಗಳ ಬಹಳ ವರ್ಷ ಇತ್ತು. ಬೇರೆ ಬೇರೆ ತೀರ್ಪುಗಳು ಬೇರೆ ಬೇರೆ ಹೇಳಿದ್ದವು. 2023ರ ಮಾರ್ಚ್‌ನಲ್ಲಿ ಜಾರಿ ನಿರ್ದೇಶನಾಲಯ ಮತ್ತು ಕಪಿಲ್ ವಾಧವಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು. ರಿಮ್ಯಾಂಡ್ ಆದ ದಿನವೇ ಒಂದನೇ ದಿನ.

ನಿಮ್ಮ ತಮ್ಮನ ವಿಷಯದಲ್ಲಿ ಮಾರ್ಚ್ 6 ಒಂದನೇ ದಿನ. ಮಾರ್ಚ್ 31ಕ್ಕೆ 26 ದಿನ ಆಯಿತು. ಏಪ್ರಿಲ್ ಪೂರ್ತಿ ಸೇರಿಸಿದರೆ 56. ಮೇ 4ಕ್ಕೆ 60. ಮೇ 5 ಅಂದರೆ 61ನೇ ದಿನ, ಹಕ್ಕು ಹುಟ್ಟುವ ದಿನ.

ಮೇ 4 ಭಾನುವಾರ ಬಂದಿರುವುದನ್ನು ಗಮನಿಸಿ. ಭಾನುವಾರ ಕೋರ್ಟ್ ರಜೆ ಇತ್ತು, ಹಾಗಾಗಿ ಸೋಮವಾರ ಸಲ್ಲಿಸಿದರೂ ಅವಧಿಯೊಳಗೇ ಸಲ್ಲಿಸಿದಂತೆ ಅಂತ ಪೊಲೀಸರ ಕಡೆಯಿಂದ ವಾದ ಬರಬಹುದು. ಅದು ನಿಲ್ಲುವುದಿಲ್ಲ. ರಜೆ ಬಂತು ಎಂದು ಈ ಅವಧಿ ಹಿಗ್ಗುವುದಿಲ್ಲ. ಮಾರ್ಚ್ 6 ಬಿಟ್ಟು ಎಣಿಸಿದರೆ ಸೋಮವಾರವೇ 60ನೇ ದಿನ ಅಂತಲೂ ಹೇಳಬಹುದು. 2023ರ ತೀರ್ಪು ಅದಕ್ಕೂ ಉತ್ತರ ಕೊಟ್ಟಿದೆ. 2020ರಲ್ಲಿ ಕೋವಿಡ್ ಲಾಕ್‌ಡೌನ್ ಇದ್ದಾಗ ಎಲ್ಲ ಕಾಲಮಿತಿಗಳನ್ನೂ ಸುಪ್ರೀಂ ಕೋರ್ಟ್ ವಿಸ್ತರಿಸಿತ್ತಲ್ಲ, ಆ ವಿಸ್ತರಣೆ ಕೂಡ ಚಾರ್ಜ್‌ಶೀಟ್ ಅವಧಿಗೆ ಅನ್ವಯಿಸುವುದಿಲ್ಲ ಎಂದು ಎಸ್. ಕಾಶಿ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತು. ದೇಶವೇ ಮುಚ್ಚಿದ್ದಾಗ ಹಿಗ್ಗದ ಅವಧಿ ಒಂದು ಭಾನುವಾರಕ್ಕೆ ಹಿಗ್ಗುತ್ತದೆಯೇ? ಮೇ 4ರಂದೇ ಪೊಲೀಸರು ಮ್ಯಾಜಿಸ್ಟ್ರೇಟರ ಮನೆಗೆ ಹೋಗಿ ಸಲ್ಲಿಸಿಬಿಟ್ಟರೆ ಮಾತ್ರ ನಿಮ್ಮ ಹಕ್ಕು ಹುಟ್ಟುವುದೇ ಇಲ್ಲ. ಹಾಗೆ ಸಲ್ಲಿಸುವುದೂ ಉಂಟು. ಹಾಗಾಗಿ ಸೋಮವಾರ ಬೆಳಿಗ್ಗೆ ಮೊದಲ ಕೆಲಸ, ಚಾರ್ಜ್‌ಶೀಟ್ ಬಂದಿದೆಯೇ ಅಂತ ಕೋರ್ಟ್ ಕಚೇರಿಯಲ್ಲಿ ಕೇಳುವುದು.

ಅವಸರ ಮಾಡಿ ಮುಂಚೆ ಅರ್ಜಿ ಹಾಕಬೇಡಿ. ಬಂಧಿಸಿದ ಮಾರ್ಚ್ 5ರಿಂದ ಎಣಿಸಿದರೆ ಮೇ 3ಕ್ಕೇ 60 ಆದಂತೆ ಕಾಣುತ್ತದೆ. ಅದನ್ನು ನಂಬಿ ಮೊದಲೇ ಅರ್ಜಿ ಹಾಕಿದರೆ, ಅವಧಿ ಮುಗಿದಿಲ್ಲ ಅಂತ ವಜಾ ಆಗಬಹುದು. ಅರ್ಜಿ ಹಾಕಿದ ಸುದ್ದಿ ಕೇಳಿ ಪೊಲೀಸರೂ ಎಚ್ಚರಗೊಳ್ಳುತ್ತಾರೆ.

ಇನ್ನೊಂದು ಅಪಾಯವನ್ನು ಈಗಲೇ ನೋಡಿಕೊಳ್ಳಿ. ಎಫ್‌ಐಆರ್‌ನಲ್ಲಿ 306 ಇದೆ ಅಂದಿರಿ. ಆದರೆ ತನಿಖೆಯ ನಡುವೆ ಪೊಲೀಸರು ಸೆಕ್ಷನ್ ಸೇರಿಸಬಹುದು. ಡೆಲಿವರಿ ಚೀಟಿಯ ಸಹಿಯನ್ನು ಪರೀಕ್ಷೆಗೆ ಕಳಿಸಿದ್ದಾರೆ ಅಂದರೆ, ಸರಕು ತಲುಪಿತು ಅನ್ನುವ ರಸೀದಿಯನ್ನೇ ಫೋರ್ಜರಿ ಮಾಡಿದ್ದಾನೆ ಎಂದು ಸೆಕ್ಷನ್ 338 ಸೇರಿಸುವ ಯೋಚನೆ ಇರಬಹುದು. 338ಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇದೆ. ಅದು ಸೇರಿದರೆ ಅವಧಿ 90 ದಿನ ಆಗುತ್ತದೆ. ನಿಮ್ಮ ದಿನ ಮೇ 5 ಅಲ್ಲ, ಜೂನ್ 4. ಹಾಗಾಗಿ ಕೋರ್ಟಿನಿಂದ ಇತ್ತೀಚಿನ ರಿಮ್ಯಾಂಡ್ ಅರ್ಜಿಯ ಪ್ರತಿ ತೆಗೆಸಿ. ಸೆಕ್ಷನ್ ಸೇರಿಸಲು ಪೊಲೀಸರು ಕೊಟ್ಟ ಮನವಿ ಏನಾದರೂ ಇದ್ದರೆ ಅದರಲ್ಲೋ, ರಿಮ್ಯಾಂಡ್ ಅರ್ಜಿಯಲ್ಲೋ ಸಿಗುತ್ತದೆ. 60ನೇ ದಿನದ ಹೊಸ್ತಿಲಲ್ಲಿ, ಯಾವ ಆಧಾರವೂ ಇಲ್ಲದೆ ದೊಡ್ಡ ಸೆಕ್ಷನ್ ಸೇರಿಸಿದ್ದರೆ ಅದನ್ನು ಪ್ರಶ್ನಿಸಬಹುದು. ಆದರೆ ಆ ವಾದಕ್ಕೆ ಕಾಗದ ಕೈಯಲ್ಲಿರಬೇಕು.

ಬೇರೆ ಓದುಗರಿಗಾಗಿ ಒಂದು ಮಾತು. ಮಾದಕ ವಸ್ತುವಿನ ದೊಡ್ಡ ಪ್ರಮಾಣದ ಕೇಸ್, ಯುಎಪಿಎ, ಸಂಘಟಿತ ಅಪರಾಧ ತಡೆ ಕಾಯ್ದೆ ಇಂಥ ವಿಶೇಷ ಕಾನೂನುಗಳಲ್ಲಿ ಅವಧಿ ಬೇರೆ. 180 ದಿನದವರೆಗೂ, ಮಾದಕ ವಸ್ತುವಿನಲ್ಲಿ ಕೋರ್ಟ್ ಅನುಮತಿಯಿಂದ ಒಂದು ವರ್ಷದವರೆಗೂ ಹೋಗಬಹುದು. ಆದರೆ ಅವಧಿ ವಿಸ್ತರಿಸಬೇಕಾದರೆ ಸರ್ಕಾರಿ ಅಭಿಯೋಜಕರು ಕಾರಣ ಬರೆದು ವರದಿ ಕೊಡಬೇಕು. ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿಯೇ ಅದನ್ನು ತೀರ್ಮಾನಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮಂಥ ಸಾಮಾನ್ಯ ಕಳ್ಳತನದ ಕೇಸಿನಲ್ಲಿ ವಿಸ್ತರಣೆ ಅನ್ನುವ ಮಾತೇ ಇಲ್ಲ.

ಈಗ ಆ ಸೋಮವಾರ. ಅರ್ಜಿ ಒಂದು ಪುಟ ಸಾಕು. ಮೊದಲ ರಿಮ್ಯಾಂಡ್ ಯಾವಾಗ ಆಯಿತು, ಸೆಕ್ಷನ್ ಯಾವುದು, ಅದಕ್ಕೆ ಎಷ್ಟು ದಿನ, ಅದು ಯಾವತ್ತು ಮುಗಿಯಿತು, ಈ ಹೊತ್ತಿನವರೆಗೆ ಚಾರ್ಜ್‌ಶೀಟ್ ಬಂದಿಲ್ಲ, ಆರೋಪಿ ಜಾಮೀನು ಕೊಡಲು ಸಿದ್ಧನಿದ್ದಾನೆ. ಇಷ್ಟೇ. ತಮ್ಮ ನಿರಪರಾಧಿ, ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ ಅನ್ನುವುದೆಲ್ಲ ಇಲ್ಲಿ ಬೇಡ. ಅವು ಮಾಮೂಲಿ ಜಾಮೀನು ಅರ್ಜಿಯ ಮಾತುಗಳು. ಎರಡನ್ನೂ ಬೆರೆಸಿದರೆ, ಮಾಮೂಲಿ ಅರ್ಜಿ ಅಂದುಕೊಂಡು ತಕರಾರು ಸಲ್ಲಿಸಲು ಸರ್ಕಾರಿ ವಕೀಲರು ನಾಲ್ಕು ದಿನ ಸಮಯ ಕೇಳುತ್ತಾರೆ. ಮಾಮೂಲಿ ಜಾಮೀನು ಅರ್ಜಿ ಸೆಷನ್ಸ್ ಕೋರ್ಟಿನಲ್ಲೋ ಹೈಕೋರ್ಟಿನಲ್ಲೋ ಬಾಕಿ ಇದ್ದರೂ ಪರವಾಗಿಲ್ಲ. ಇದನ್ನು ರಿಮ್ಯಾಂಡ್ ನಡೆಯುತ್ತಿರುವ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಹಾಕಿ.

ಅರ್ಜಿ ಕೊಡುವಾಗ ಅದರ ಮೇಲೆ ದಿನಾಂಕ ಮಾತ್ರ ಅಲ್ಲ, ಗಂಟೆಯನ್ನೂ ಬರೆಸಿಕೊಳ್ಳಿ. ಇದು ತೀರಾ ಮುಖ್ಯ. ಒಬ್ಬರು ಮಾದಕ ವಸ್ತುವಿನ ಕೇಸಿನಲ್ಲಿ 181ನೇ ದಿನ ಬೆಳಿಗ್ಗೆ 10.30ಕ್ಕೆ ಅರ್ಜಿ ಹಾಕಿದ್ದರು. ಅದೇ ದಿನ ಸಂಜೆ 4.25ಕ್ಕೆ ತನಿಖಾ ಸಂಸ್ಥೆ ಚಾರ್ಜ್‌ಶೀಟ್‌ಗೆ ಸಮನಾದ ತನ್ನ ಹೆಚ್ಚುವರಿ ದೂರನ್ನು ಕೋರ್ಟಿಗೆ ಸಲ್ಲಿಸಿತು. 2020ರಲ್ಲಿ ಎಂ. ರವೀಂದ್ರನ್ ಪ್ರಕರಣ ಎಂದು ಇದು ಸುಪ್ರೀಂ ಕೋರ್ಟಿಗೆ ಬಂತು. ಬೆಳಿಗ್ಗೆ ಅರ್ಜಿ ಹಾಕಿದ ಕ್ಷಣವೇ ಹಕ್ಕು ಬಳಸಿಕೊಂಡಂತೆ ಆಯಿತು, ಸಂಜೆ ಬಂದ ಕಾಗದ ಅದನ್ನು ಕಿತ್ತುಕೊಳ್ಳುವುದಿಲ್ಲ ಎಂದು ಕೋರ್ಟ್ ಹೇಳಿತು. ಅರ್ಜಿಯ ಮೇಲೆ ಆದೇಶ ಮಾಡಲು ನ್ಯಾಯಾಧೀಶರು ಎರಡು ದಿನ ತೆಗೆದುಕೊಂಡು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೂ ಇದೇ ನಿಯಮ.

ಇದರ ಉಲ್ಟಾ ಆಗಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ವಕೀಲಿ ಶುರುಮಾಡಿದ ಹೊಸದರಲ್ಲಿ ಒಂದು ಕುಟುಂಬ ನಮ್ಮ ಕಚೇರಿಗೆ ಬಂದಿತ್ತು. 61ನೇ ದಿನ ಅರ್ಜಿ ತಯಾರಿತ್ತು. ಊರಿನಿಂದ ಒಬ್ಬ ಹಿರಿಯರು ಬರಲಿ, ಅವರು ಬಂದ ಮೇಲೆ ಹಾಕೋಣ ಅಂದರು. ನಾನೂ ಒತ್ತಾಯ ಮಾಡಲಿಲ್ಲ. ಮಧ್ಯಾಹ್ನ ಊಟದ ವಿರಾಮಕ್ಕೆ ಮೊದಲೇ ಠಾಣೆಯ ಪೇದೆಯೊಬ್ಬರು ಕಡತ ತಂದು ಕಚೇರಿಗೆ ಕೊಟ್ಟರು. ನಮ್ಮ ಅರ್ಜಿ ಮೂರು ಗಂಟೆಗೆ ಹೋಯಿತು. ತಡವಾಗಿ ಬಂದ ಚಾರ್ಜ್‌ಶೀಟೇ, ಆದರೆ ನಾವು ಕೇಳುವ ಮೊದಲು ಬಂದಿತ್ತು. ಹಕ್ಕು ಹೋಯಿತು. ಆ ಹುಡುಗ ಮುಂದೆ ಮಾಮೂಲಿ ಜಾಮೀನು ಸಿಗುವವರೆಗೆ ಒಳಗೇ ಇದ್ದ. ಆ ದಿನವನ್ನು ನಾನು ಮರೆತಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಕೀಲರಿಗೆ ಅವತ್ತು ಬರಲು ಆಗದಿದ್ದರೆ ಬೇರೆ ವಕೀಲರನ್ನು ಗೊತ್ತು ಮಾಡಿಟ್ಟುಕೊಳ್ಳಿ. ವಕಾಲತ್ತಿಗೆ ತಮ್ಮನ ಸಹಿ ಜೈಲಿನ ಮೂಲಕ ಆಗಬೇಕು, ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಹಿಂದಿನ ವಾರವೇ ಮಾಡಿಸಿ. ವಕೀಲರೇ ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಬಂಧನದಲ್ಲಿರುವವರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಏನೂ ಆಗದಿದ್ದರೆ, ವಿಡಿಯೋ ಮೂಲಕವೋ ನೇರವಾಗಿಯೋ ರಿಮ್ಯಾಂಡ್‌ಗೆ ಹಾಜರಾದಾಗ ತಮ್ಮನೇ ಬಾಯಿಬಿಟ್ಟು ನ್ಯಾಯಾಧೀಶರಲ್ಲಿ ಕೇಳಬಹುದು. ಬಾಯಿಮಾತಿನ ಬೇಡಿಕೆಯೂ ಸಾಕು ಎಂದು 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು ಹೇಳಿದೆ. ಆದರೂ ಕಾಗದ ಇದ್ದರೆ ಗಂಟೆಯ ಲೆಕ್ಕಕ್ಕೆ ಸಾಕ್ಷಿ ಸಿಗುತ್ತದೆ.

ಹಕ್ಕನ್ನು ಕೇಳಿದ ಮೇಲೂ ಅದು ಜಾರಿಹೋಗುವ ಒಂದು ಜಾಗ ಇದೆ. ಜಾಮೀನು ಮಂಜೂರಾಗಿ, ಶ್ಯೂರಿಟಿ ಕೊಡಲು ಕೋರ್ಟ್ ಒಂದು ಗಡುವು ಹಾಕುತ್ತದೆ ಅಂದುಕೊಳ್ಳಿ. ಗಡುವಿನೊಳಗೆ ನೀವು ಶ್ಯೂರಿಟಿ ಕೊಡಲಿಲ್ಲ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂತು. ಆಗ ಹಕ್ಕು ಉಳಿಯುವುದಿಲ್ಲ. ಉದಯ್ ಮೋಹನ್‌ಲಾಲ್ ಆಚಾರ್ಯ ಪ್ರಕರಣದಲ್ಲಿ 2001ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಹಾಗಾಗಿ ಶ್ಯೂರಿಟಿ ನಿಲ್ಲುವವರು ಸೋಮವಾರ ಬೆಳಿಗ್ಗೆ ಕೋರ್ಟ್ ಆವರಣದಲ್ಲೇ ಇರಲಿ. ಜಮೀನಿನ ಪಹಣಿ ಅಥವಾ ಮನೆಯ ದಾಖಲೆ, ತೆರಿಗೆ ರಸೀದಿ, ಆಧಾರ್, ಫೋಟೋ ಇವುಗಳ ಮೂಲ ಮತ್ತು ಜೆರಾಕ್ಸ್ ಜೊತೆಗಿರಲಿ. ಪಹಣಿ ಹಳೆಯದಾಗಿದ್ದರೆ ಹೊಸದು ತೆಗೆಸಿ. ಹಳೆಯ ಪಹಣಿಗಾಗಿ ಒಂದು ದಿನ ಹೋದರೆ, ಚಾರ್ಜ್‌ಶೀಟ್ ಬಂದು ಹಕ್ಕು ಹೋಗಲು ಆ ಒಂದು ದಿನ ಸಾಕು.

ಷರತ್ತುಗಳ ವಿಷಯ. ಪಾಸ್‌ಪೋರ್ಟ್ ಒಪ್ಪಿಸಿ, ಠಾಣೆಗೆ ಬಂದು ಸಹಿ ಹಾಕಿ, ಸಾಕ್ಷಿಗಳನ್ನು ಹೆದರಿಸಬೇಡಿ ಎಂದು ಕೋರ್ಟ್ ಹೇಳಬಹುದು. ಆದರೆ ಕಳುವಾದ ಅಡಿಕೆಯ ಬೆಲೆಯನ್ನು ಠೇವಣಿ ಇಡಿ ಎಂದು ಹೇಳುವಂತಿಲ್ಲ. ಸರವಣನ್ ಪ್ರಕರಣದಲ್ಲಿ ಡಿಫಾಲ್ಟ್ ಬೇಲ್‌ಗೆ ₹8 ಲಕ್ಷ ಠೇವಣಿಯ ಷರತ್ತು ಹಾಕಿದ್ದನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ನಿಮ್ಮ ಮಾಲೀಕರ ವಕೀಲರು ಹೀಗೆ ಕೇಳಿದರೆ ಆ ತೀರ್ಪನ್ನು ತೋರಿಸಿ.

ಎಫ್‌ಎಸ್‌ಎಲ್ ರಿಪೋರ್ಟ್ ಬಗ್ಗೆ ನಿಮ್ಮ ಠಾಣೆಯವರು ಹೇಳಿದ್ದನ್ನು ಪೂರ್ತಿ ನಂಬಬೇಡಿ. ರಿಪೋರ್ಟ್ ಬರುವವರೆಗೆ ಚಾರ್ಜ್‌ಶೀಟ್ ಹಾಕುವುದಿಲ್ಲ ಅಂತ ನೀವು ಅಂದುಕೊಂಡು ಕೂತರೆ, 58ನೇ ದಿನಕ್ಕೆ ಕಡತ ಕೋರ್ಟಿನಲ್ಲಿರುತ್ತದೆ. ಎಫ್‌ಎಸ್‌ಎಲ್ ರಿಪೋರ್ಟ್ ಆಮೇಲೆ ಸಲ್ಲಿಸುತ್ತೇವೆ ಎಂದು ಬರೆದು ಚಾರ್ಜ್‌ಶೀಟ್ ಹಾಕುವುದು ದಿನನಿತ್ಯದ ಪದ್ಧತಿ. ಮಹಜರು, ಸಾಕ್ಷಿಗಳ ಹೇಳಿಕೆ, ವಸ್ತು ಎಲ್ಲ ಸೇರಿದ್ದು ಒಂದು ವರದಿ ಮಾತ್ರ ಬಾಕಿ ಇದ್ದರೆ, ಇಂಥ ಕೇಸಿನಲ್ಲಿ ಅದು ಪೂರ್ತಿ ಚಾರ್ಜ್‌ಶೀಟ್ ಎಂದೇ ಕೋರ್ಟ್‌ಗಳು ಒಪ್ಪುತ್ತವೆ. ನ್ಯಾಯಾಧೀಶರು ಅದನ್ನು ಓದಿ ಸಿ.ಸಿ. ನಂಬರ್, ಅಂದರೆ ಕೋರ್ಟಿನ ಕೇಸ್ ನಂಬರ್ ಕೊಟ್ಟು ವಿಚಾರಣೆಗೆ ತೆಗೆದುಕೊಳ್ಳುವುದು ಆಮೇಲಾದರೂ ಪರವಾಗಿಲ್ಲ. ಅವಧಿಯೊಳಗೆ ಸಲ್ಲಿಕೆ ಆಗಿದ್ದರೆ ಸಾಕು.

ಹಾಗಾದರೆ ತನಿಖೆಯೇ ಮುಗಿಯದೆ, ಜಾಮೀನು ತಪ್ಪಿಸಲೆಂದೇ ನಾಲ್ಕು ಹಾಳೆ ತಂದು ಕೊಟ್ಟರೆ? ಇದು ಇನ್ನೂ ಪೂರ್ತಿ ಬಗೆಹರಿದಿಲ್ಲ. 2023ರ ಏಪ್ರಿಲ್‌ನಲ್ಲಿ ರಿತು ಛಾಬರಿಯಾ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಅಂಥ ಅರೆಬರೆ ಚಾರ್ಜ್‌ಶೀಟ್ ಹಕ್ಕನ್ನು ಕಸಿಯುವುದಿಲ್ಲ ಎಂದರು. ಮರು ತಿಂಗಳೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ, ಕೆಳಗಿನ ಕೋರ್ಟ್‌ಗಳು ಆ ತೀರ್ಪನ್ನು ಅವಲಂಬಿಸದೆ ಅರ್ಜಿಗಳನ್ನು ತೀರ್ಮಾನಿಸಲಿ ಎಂದಿತು. ಹಾಗಾಗಿ ಈ ವಾದದ ಮೇಲೆ ಪೂರ್ತಿ ಭಾರ ಹಾಕಬೇಡಿ. ಚಾರ್ಜ್‌ಶೀಟ್ ಅರೆಬರೆ ಇದೆ ಅನ್ನಿಸಿದರೆ ಪ್ರತಿ ತೆಗೆದು ನೋಡಿ: ನಿಮ್ಮ ತಮ್ಮನ ಬಗ್ಗೆಯೇ ತನಿಖೆ ಬಾಕಿ ಇದೆ ಎಂದು ಬರೆದಿದೆಯೋ, ಅಥವಾ ತಲೆಮರೆಸಿಕೊಂಡ ಇನ್ನೊಬ್ಬ ಆರೋಪಿಯ ಬಗ್ಗೆಯೋ? ಎರಡನೆಯದಾದರೆ ವಾದ ಬಹುತೇಕ ಸೋತಂತೆ. ಲೋಪ ಇದೆ ಎಂದು ಮ್ಯಾಜಿಸ್ಟ್ರೇಟರೇ ಚಾರ್ಜ್‌ಶೀಟ್ ವಾಪಸ್ ಮಾಡಿ, ಅದು ಸರಿಯಾಗಿ ಮರಳುವಷ್ಟರಲ್ಲಿ ಅವಧಿ ಮುಗಿದರೆ ಪರಿಸ್ಥಿತಿ ಬೇರೆ. 2018ರ ಅಚ್‌ಪಾಲ್ ಪ್ರಕರಣದಲ್ಲಿ ಹಾಗೆ ಆಗಿತ್ತು. ಅಧಿಕಾರವಿಲ್ಲದ ದರ್ಜೆಯ ಅಧಿಕಾರಿ ತನಿಖೆ ಮಾಡಿದ್ದರಿಂದ ವರದಿ ವಾಪಸಾಯಿತು, ಆರೋಪಿಗಳಿಗೆ ಜಾಮೀನು ಸಿಕ್ಕಿತು. ಹಾಗಾಗಿ ಅವಧಿಯೊಳಗೆ ಸಲ್ಲಿಸಿದರು ಅಂತ ಕೇಳಿದ ಮಾತ್ರಕ್ಕೆ ಸುಮ್ನೆ ಕೈಚೆಲ್ಲಬೇಡಿ. ಕಚೇರಿ ಅದನ್ನು ಸ್ವೀಕರಿಸಿದೆಯೋ, ಆಕ್ಷೇಪಣೆ ಹಾಕಿ ಹಿಂದಿರುಗಿಸಿದೆಯೋ ಕೇಳಿ.

ಡಿಫಾಲ್ಟ್ ಬೇಲ್ ಮೇಲೆ ತಮ್ಮ ಹೊರಗೆ ಬಂದ ಮೇಲೆ ಚಾರ್ಜ್‌ಶೀಟ್ ಬಂದರೆ ಮತ್ತೆ ಜೈಲಿಗೆ ಹೋಗಬೇಕೇ ಎಂದು ಮುಂದೆ ನಿಮಗೆ ಪ್ರಶ್ನೆ ಬರುತ್ತದೆ. ಇಲ್ಲ. ಚಾರ್ಜ್‌ಶೀಟ್ ಬಂತು ಅನ್ನುವ ಒಂದೇ ಕಾರಣಕ್ಕೆ ಈ ಜಾಮೀನು ರದ್ದಾಗುವುದಿಲ್ಲ. ಷರತ್ತು ಮುರಿದರೆ, ಸಾಕ್ಷಿಗಳನ್ನು ಮುಟ್ಟಿದರೆ ರದ್ದಾಗಬಹುದು. ಚಾರ್ಜ್‌ಶೀಟ್‌ನಲ್ಲಿ ಜಾಮೀನುರಹಿತ ಅಪರಾಧಕ್ಕೆ ಬಲವಾದ ವಿಶೇಷ ಕಾರಣಗಳು ಕಂಡರೆ ಕೇಸಿನ ಹುರುಳಿನ ಮೇಲೂ ರದ್ದು ಕೇಳಬಹುದು ಎಂದು 2023ರ ಜನವರಿಯಲ್ಲಿ ಗಂಗಿ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಪ್ರಾಸಿಕ್ಯೂಷನ್ ಪ್ರತ್ಯೇಕ ಅರ್ಜಿ ಹಾಕಬೇಕು, ನಿಮ್ಮ ವಾದವನ್ನೂ ಕೇಳಬೇಕು.

ಮಾಲೀಕರ ಕಡೆಯವರು ಇದನ್ನು ಓದುತ್ತಿದ್ದರೆ, ಅವರಿಗೂ ಹೇಳಬೇಕು. 60 ದಿನದ ಲೆಕ್ಕ ಆರೋಪಿ ಜೈಲಿನಲ್ಲಿದ್ದಾಗ ಮಾತ್ರ. ಯಾರೂ ಬಂಧನದಲ್ಲಿ ಇಲ್ಲದ ಕೇಸಿನಲ್ಲಿ ಪೊಲೀಸರ ಮೇಲೆ ಈ ಒತ್ತಡ ಇರುವುದಿಲ್ಲ, ಕಡತ ವರ್ಷಗಟ್ಟಲೆ ಮಲಗಬಹುದು. ಹೊಸ ಕಾನೂನಿನಲ್ಲಿ, ತನಿಖೆ ಎಲ್ಲಿಗೆ ಬಂತು ಎಂದು ದೂರುದಾರರಿಗೋ ನೊಂದವರಿಗೋ 90 ದಿನದೊಳಗೆ ತಿಳಿಸುವುದು ಪೊಲೀಸರ ಕರ್ತವ್ಯ. ಫೋನಿಗೆ ಸಂದೇಶ ಕಳಿಸಿದರೂ ಆಗುತ್ತದೆ. ಬರದಿದ್ದರೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.

ನೀವು ಈ ವಾರ ಮಾಡಬೇಕಾದ ಮೊದಲ ಕೆಲಸ ರಿಮ್ಯಾಂಡ್ ಅರ್ಜಿಗಳ ಪ್ರತಿಗೆ ಅರ್ಜಿ ಹಾಕುವುದು. 338 ಸೇರಿದೆಯೋ ಇಲ್ಲವೋ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಸೇರಿಲ್ಲದಿದ್ದರೆ ಮೇ 5ರ ಬೆಳಿಗ್ಗೆ. ಸೇರಿದ್ದರೆ, ಯಾವತ್ತು, ಯಾವ ಕಾಗದದ ಆಧಾರದ ಮೇಲೆ ಸೇರಿಸಿದರು ಎಂದು ನೋಡಿ ನನಗೆ ಮತ್ತೆ ಬರೆಯಿರಿ.